ಸ್ವಾಗತ ಸಂದೇಶದ ಎರಡನೇ ಪ್ರಶ್ನೆ

ಹಗಲು ಕ್ಯಾಂಟೀನು, ಸಂಜೆ ಶಾಲೆ. ಮುಂಬಯಿಯ ಫೋರ್ಟ್ ಪರಿಸರದಲ್ಲಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ನನ್ನ ತಲೆಮಾರಿನ ಹೆಚ್ಚಿನವರ ಬದುಕು ಇಷ್ಟೇ ಆಗಿತ್ತು. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಿಂದ ಬಂದು ಕಚೇರಿಗಳ ಕ್ಯಾಂಟೀನಿನಲ್ಲೋ ಹೋಟೆಲಿನಲ್ಲೋ ದುಡಿದು, ಅಲ್ಲೇ ಮಲಗಿ, ಸಂಜೆಯಾದ ಮೇಲೆ ಪುಸ್ತಕ ಹಿಡಿದವರು ನಾವು. ಮದುವೆಯಾಗಿ ಮನೆ ಮಾಡುವ ಹೊತ್ತಿಗೆ ಫೋರ್ಟಿನಲ್ಲಿ ಬಾಡಿಗೆ ಕೊಡುವ ಶಕ್ತಿ ಯಾರಿಗಿತ್ತು? ಸೆಂಟ್ರಲ್ ರೈಲ್ವೆಯ ಹಳಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣದತ್ತ ಬಂದೆವು. ಆಮೇಲೆ ಕೆಲವರು ವಾಶಿ, ನೆರೂಲ್ ಕಡೆ ನವಿಮುಂಬಯಿಗೆ ಹೋದರು. ಶಾಲೆ ಅಲ್ಲೇ ಉಳಿಯಿತು, ಹುಡುಗರು ಚದುರಿಹೋದರು.

2022ರ ಕೊನೆಯಲ್ಲಿ ವಾಟ್ಸಾಪ್ ಒಂದು ಗುಂಪಿನ ಮಿತಿಯನ್ನು 512ರಿಂದ 1024 ಜನಕ್ಕೆ ಏರಿಸಿತು. ಅಲ್ಲಿಯವರೆಗೆ ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗುಂಪುಗಳಿದ್ದವು. ಎಲ್ಲವನ್ನೂ ಕೂಡಿಸಿ ಇಡೀ ಶಾಲೆಗೆ ಒಂದೇ ಗುಂಪು ಮಾಡೋಣವೆಂದು ಕೆಲವರು ಸೇರಿ ನಿರ್ಧರಿಸಿದೆವು. ನಾನು ಡೊಂಬಿವಲಿಯಲ್ಲಿರುವವನು, ನಿವೃತ್ತ, ಸಮಯ ಇದ್ದವನು. ಅಡ್ಮಿನ್ ಕೆಲಸ ನನ್ನ ಪಾಲಿಗೆ ಬಂತು. ನೂರಾರು ನಂಬರುಗಳನ್ನು ಸೇರಿಸಿ ಮುಗಿದ ರಾತ್ರಿ ಸ್ವಾಗತ ಸಂದೇಶ ಬರೆದೆ.

ಅದನ್ನು ಬಹಳ ಶ್ರದ್ಧೆಯಿಂದ ಬರೆದಿದ್ದೆ. ಮೊದಲು ಶಾಲೆಯ ಹಿರಿಮೆ. ನಂತರ ನಮ್ಮಲ್ಲಿ ಹೆಸರು ಮಾಡಿದವರ ಪಟ್ಟಿ: ಹೋಟೆಲ್ ಮಾಲೀಕರು, ವಕೀಲರು, ಬ್ಯಾಂಕಿನ ಅಧಿಕಾರಿಗಳು. ಕೊನೆಗೆ, ಎಲ್ಲರೂ ಈ ಕ್ರಮದಲ್ಲಿ ಪರಿಚಯ ಹೇಳಿಕೊಳ್ಳಬೇಕೆಂಬ ವಿನಂತಿ: ಹೆಸರು, ಎಸ್ಸೆಸ್ಸಿ ಪಾಸಾದ ವರ್ಷ, ಈಗಿನ ಹುದ್ದೆ, ವಿಳಾಸ. ಮುಗಿಸುವಾಗ ಸ್ನೇಹಮಿಲನದ ವಂತಿಗೆಯ ಒಂದು ಸಾಲನ್ನೂ ಸೇರಿಸಿದೆ.

ಮರುದಿನ ಬೆಳಿಗ್ಗೆ ನಮಸ್ಕಾರಗಳ, ಕೈಮುಗಿದ ಚಿತ್ರಗಳ ಮಳೆ ಸುರಿದಿತ್ತು. ನನ್ನ ಸಂದೇಶ ಎಷ್ಟೋ ಮೇಲೆ ಹೂತುಹೋಗಿತ್ತು. ಪರಿಚಯವನ್ನೂ ಕೆಲವರು ಬರೆದಿದ್ದರು. ನೋಡಿದರೆ ಪಟ್ಟಿಯಲ್ಲಿದ್ದವರು, ಇಲ್ಲವೇ ಪಟ್ಟಿಯಲ್ಲಿ ಇರಬಹುದಾಗಿದ್ದವರು. ಉಳಿದವರು ಮೌನ. ಬಿಟ್ಟುಹೋದವರೂ ಇದ್ದರು. ಈಗ ಯಾರಾದರೂ ಗುಂಪು ಬಿಟ್ಟರೆ ಇಡೀ ಗುಂಪಿಗೆ ಸುದ್ದಿ ಹೋಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ಸೂಚನೆ ಬರುತ್ತದೆ. ಹಾಗಾಗಿ ಆ ಸೂಚನೆಗಳನ್ನು ನಾನು ನೋಡುತ್ತಿದ್ದೆ. ಅವರಿಗೆ ಆಸಕ್ತಿ ಇಲ್ಲ ಎಂದುಕೊಂಡೆ. ಸಂದೇಶವನ್ನು ಒತ್ತಿ ಹಿಡಿದು ಯಾರು ಓದಿದ್ದಾರೆಂದು ನೋಡಿದ್ದರೆ ಬೇರೆಯೇ ವಿಷಯ ಕಾಣುತ್ತಿತ್ತು. ಆಮೇಲೆ ನೋಡಿದಾಗ ಮೌನವಾಗಿದ್ದ ಬಹುಪಾಲು ಜನ ಓದಿದ್ದರು. ಓದಿಯೂ ಉತ್ತರಿಸಿರಲಿಲ್ಲ.

ಕಾರಣ ಹೇಳಿದವನು ಕಲ್ಯಾಣದ ಗೆಳೆಯ. ನನ್ನ ಬೆಂಚಿನವನೇ. ಗುಂಪು ಬಿಟ್ಟವರಲ್ಲಿ ಅವನೂ ಒಬ್ಬನೆಂದು ಕಂಡು ಫೋನು ಮಾಡಿದೆ. ಸ್ವಲ್ಪ ಹೊತ್ತು ಊರಿನ ಮಾತಾಡಿ ಕೊನೆಗೆ ಅಂದ: “ಪಾಸಾದ ವರ್ಷ ಬರೆಯಿರಿ ಅಂತ ಹಾಕಿದ್ದೀಯಲ್ಲ ಮಾರಾಯ, ನಾನು ಎಲ್ಲಿ ಪಾಸಾಗಿದ್ದೇನೆ? ಒಂಬತ್ತರಲ್ಲೇ ಬಿಟ್ಟವನು ನಾನು. ಹುದ್ದೆ ಅಂತ ಏನು ಬರೆಯಲಿ?”

ಆ ಮಾತು ಕೇಳಿ ನನಗೆ ಬಾಯಿ ಕಟ್ಟಿದಂತಾಯಿತು. ಅವನು ಯಾಕೆ ಬಿಟ್ಟನೆಂದು ನನಗೆ ಗೊತ್ತಿತ್ತು. ಕ್ಯಾಂಟೀನಿನಲ್ಲಿ ಅವನ ಪಾಳಿ ಸಂಜೆಗೆ ಬದಲಾಗಿತ್ತು, ಅಷ್ಟೇ. ರಾತ್ರಿಶಾಲೆಯಲ್ಲಿ ಇದು ದಿನದ ಸಂಗತಿ. ಪಾಳಿ ಬದಲಾಯಿತು, ಧಣಿ ಬೇಗ ಬಿಡಲಿಲ್ಲ, ಊರಿನಲ್ಲಿ ತಂದೆ ತೀರಿಕೊಂಡರು, ಗಣಿತದಲ್ಲಿ ಹೋಯಿತು. ಎರಡು ವರ್ಷ ಬಿಟ್ಟು ಮತ್ತೆ ಬಂದು ತಮಗಿಂತ ಚಿಕ್ಕವರ ಜೊತೆ ಕೂತವರಿದ್ದರು. ಹಗಲು ಶಾಲೆಯಲ್ಲಿ ಒಟ್ಟಿಗೆ ಸೇರಿ ಒಟ್ಟಿಗೆ ಹೊರಬರುವ ಮಕ್ಕಳಿಗೆ ಪಾಸಾದ ವರ್ಷವೇ ಗುರುತು. ನಮ್ಮಲ್ಲಿ ಆ ಪ್ರಶ್ನೆ ತರಗತಿಯ ದೊಡ್ಡ ಪಾಲನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಇದೆಲ್ಲ ಕಣ್ಣಾರೆ ಕಂಡ ನಾನೇ ಯಾವುದೋ ಕಾಲೇಜು ಗುಂಪಿನ ನಮೂನೆಯನ್ನು ಹಾಗೆಯೇ ಎತ್ತಿ ಹಾಕಿದ್ದೆ. ನಾನು ಪಾಸಾದವನಾದ್ದರಿಂದ ಆ ಸಾಲು ನನ್ನನ್ನು ಚುಚ್ಚಲಿಲ್ಲ.

ಇನ್ನೊಂದು ತಪ್ಪೂ ಅದೇ ದಿನಗಳಲ್ಲಿ ಹೊರಬಂತು. ಗುಂಪಿಗೆ ಸೇರಿಸಿದ ಕೂಡಲೇ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಯಾರನ್ನೂ ಕೇಳದೆ ಸೇರಿಸಿದ್ದೆ. ವಿಮೆ ಮಾಡಿಸುವ ಒಬ್ಬರು ಆ ನಂಬರುಗಳಿಗೆ ಸಾಲಾಗಿ ಕರೆ ಮಾಡತೊಡಗಿದರು. ಶಾಲೆಯ ನೆನಪಿಗೆ ಬಂದವರಿಗೆ ಮೊದಲು ಬಂದ ಕರೆ ಪಾಲಿಸಿಯದ್ದು.

ಹಳೆಯ ಸಂದೇಶವನ್ನು ಅಳಿಸಿ ಹೊಸದು ಬರೆದೆ. ಕಳುಹಿಸುವ ಮೊದಲು ಕಲ್ಯಾಣದ ಗೆಳೆಯನಿಗೆ ಓದಿ ಹೇಳಿದೆ. ಅವನು ಹೇಳಿದಲ್ಲಿ ತಿದ್ದಿದ ಮೇಲೆ ಹೀಗಾಯಿತು:

“ನಮಸ್ಕಾರ. ನಮ್ಮ ರಾತ್ರಿಶಾಲೆಯ ಬೆಂಚಿನಲ್ಲಿ ಒಂದು ದಿನವಾದರೂ ಕೂತ ಎಲ್ಲರದು ಈ ಗುಂಪು. ಶಾಲೆಗೆ ಬರುವಾಗ ನೀವು ಎಲ್ಲಿ ಕೆಲಸದಲ್ಲಿದ್ದಿರಿ, ಯಾವ ಮಾಸ್ತರರು ನೆನಪಿದ್ದಾರೆ, ಇಷ್ಟು ಹೇಳಿ ಸಾಕು. ಬರೆಯಲು ಕಷ್ಟವಾದರೆ ಮಾತಾಡಿ ಕಳುಹಿಸಿ, ತುಳುವಾದರೂ ಆದೀತು. ಇಲ್ಲಿನ ನಂಬರುಗಳನ್ನು ವ್ಯಾಪಾರಕ್ಕೆ ಬಳಸಬಾರದು. ಹಣದ ಮಾತು ಈ ಗುಂಪಿನಲ್ಲಿ ಇಲ್ಲ.”

ಎಲ್ಲಿ ಕೆಲಸದಲ್ಲಿದ್ದಿರಿ ಎಂಬ ಪ್ರಶ್ನೆ ಗೆಳೆಯನದೇ. ಅದು ಎಷ್ಟು ಸರಿಯಾಗಿತ್ತೆಂದು ಕ್ರಮೇಣ ಅರ್ಥವಾಯಿತು. ಹಾಜರಿ ಪುಸ್ತಕದಲ್ಲಿ ನಮಗೆ ಒಂದೊಂದು ಹೆಸರಿತ್ತು, ಆದರೆ ನಾವು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದುದು ಕೆಲಸದ ಜಾಗದಿಂದ. ಬ್ಯಾಂಕ್ ಕ್ಯಾಂಟೀನಿನವನು, ಕೋರ್ಟಿನ ಹತ್ತಿರದ ಹೋಟೆಲಿನವನು, ಹೀಗೆ. ಈಗ ಪರದೆಯಲ್ಲಿ ಬರೀ ನಂಬರು ಕಾಣುವಾಗ, “ಶೆಟ್ಟಿ” ಎಂದರೆ ಹತ್ತು ಜನ ಇರುವಾಗ, ಆ ಒಂದು ಉತ್ತರದಿಂದ ಮುಖ ನೆನಪಾಗುತ್ತಿತ್ತು. ಅಂದು ಎಲ್ಲರೂ ಲೋಟ ತೊಳೆಯುತ್ತಿದ್ದವರೇ; ಇಂದಿನ ಮಾಲೀಕರೂ ಅದನ್ನೇ ಹೇಳಬೇಕಾಯಿತು.

ಧ್ವನಿ ಸಂದೇಶಗಳು ಹೆಚ್ಚು ಬಂದವು. ಓದು ನಿಂತು ದಶಕಗಳಾದವರಿಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದು ಸುಲಭವಲ್ಲ. ತಪ್ಪಾದೀತೆಂಬ ಅಂಜಿಕೆಯೂ ಇರುತ್ತದೆ.

ತಡವಾಗಿ ಸೇರಿದವರದು ಬೇರೆ ತೊಡಕು. ಅವರು ಸೇರುವುದಕ್ಕಿಂತ ಮೊದಲಿನ ಸಂದೇಶ ಆಗ ಅವರಿಗೆ ಕಾಣುತ್ತಿರಲಿಲ್ಲ. ಮೊದಲ ದಿನದ ಸ್ವಾಗತ ಮೊದಲ ದಿನದವರಿಗೆ ಮಾತ್ರ. ಅದಕ್ಕೆ ಅದೇ ಮಾತುಗಳನ್ನು ಗುಂಪಿನ ವಿವರಣೆಯ ಜಾಗದಲ್ಲಿ ಹಾಕಿದೆ. ಅಲ್ಲಿ ನೋಡುವವರು ಕಡಿಮೆಯೆಂದು ತಿಳಿದ ಮೇಲೆ ಪ್ರತಿಯೊಬ್ಬರಿಗೂ ಮೊದಲು ಫೋನು ಮಾಡಿ, ನಂಬರು ಎಲ್ಲರಿಗೂ ಕಾಣುತ್ತದೆಂದು ಹೇಳಿ, ಒಪ್ಪಿದರೆ ಮಾತ್ರ ಲಿಂಕ್ ಮತ್ತು ಸ್ವಾಗತವನ್ನು ಖಾಸಗಿಯಾಗಿ ಕಳುಹಿಸುತ್ತ ಬಂದೆ. ಬೇಡವೆಂದವರೂ ಇದ್ದಾರೆ. ಅವರಿಗೆ ಸ್ನೇಹಮಿಲನದ ದಿನಾಂಕ ಫೋನಿನಲ್ಲೇ ತಿಳಿಸುತ್ತೇನೆ.

ಕಲ್ಯಾಣದ ಗೆಳೆಯ ಮರಳಿ ಬಂದ, ಈಗ ಅವನೂ ಅಡ್ಮಿನ್. ಮೊದಲ ವಾರ ಬಿಟ್ಟವರಲ್ಲಿ ಕೆಲವರು ಮತ್ತೆ ಫೋನೇ ಎತ್ತಲಿಲ್ಲ.

ನಿಮ್ಮ ಶಾಲೆಯ ಗುಂಪಿಗೆ ನೀವು ಅಡ್ಮಿನ್ ಆಗಿದ್ದರೆ, ಸ್ವಾಗತ ಕಳುಹಿಸುವ ಮುಂಚೆ ಅದನ್ನು ಓದು ಅರ್ಧಕ್ಕೆ ಬಿಟ್ಟ ಒಬ್ಬ ಸಹಪಾಠಿಗೆ ಓದಿ ಹೇಳಿ. ಯಾವ ಪ್ರಶ್ನೆಗೆ ಅವರು ತಡವರಿಸುತ್ತಾರೋ ಅದನ್ನು ತೆಗೆದುಬಿಡಿ.