ಎಂಟು ಚಿತ್ರ, ಎಂಟು ವಾಕ್ಯ: ಒಂದು ಮದುವೆಯ ಕಥೆ

ಸಿಯಾಟಲ್ ಸುತ್ತಮುತ್ತ ಮದುವೆಗಳು ಹೆಚ್ಚಾಗಿ ನಡೆಯುವುದು ಜುಲೈಯಿಂದ ಸೆಪ್ಟೆಂಬರ್ ಒಳಗೆ. ಮಳೆ ನಮ್ಮನ್ನು ಬಿಟ್ಟಿರುವ ತಿಂಗಳುಗಳು ಅವೇ ತಾನೆ! ವಾರದ ದಿನಗಳಲ್ಲಿ ನನಗೆ ಆಫೀಸು, ಆ ಮೂರು ತಿಂಗಳ ವಾರಾಂತ್ಯಗಳಲ್ಲಿ ಮದುವೆ ಫೋಟೋಗ್ರಫಿ. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಇಬ್ಬರಿಗೂ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಮಾತು ಮಾತ್ರ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ತಿರುಗಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು.

ನಮ್ಮಂಥ ಫೋಟೋಗ್ರಾಫರ್‌ಗಳು ಇನ್‌ಸ್ಟಾಗ್ರಾಂನಲ್ಲಿ ಸಾಮಾನ್ಯವಾಗಿ ಹಾಕುವುದು ಒಂದು ಪಟ್ಟಿ: 8 ಗಂಟೆ, ಇಬ್ಬರು ಫೋಟೋಗ್ರಾಫರ್, 600 ಚಿತ್ರ, ಒಂದು ಆಲ್ಬಮ್. ಈ ಪಟ್ಟಿಯನ್ನು ಕನ್ನಡದ ಕಿವಿಯಿಂದ ಕೇಳಿ ನೋಡಿ. ಅದರಲ್ಲಿ ಒಂದೂ ಕ್ರಿಯಾಪದವಿಲ್ಲ. ಯಾರೂ ಏನೂ ಮಾಡುವುದಿಲ್ಲ. ಮದುವೆಯಾದರೋ ಪೂರ್ತಿ ಕ್ರಿಯಾಪದಗಳಿಂದಲೇ ಕಟ್ಟಿದ್ದು: ಜಡೆ ಹೆಣೆಯುತ್ತಾರೆ, ಧಾರೆ ಎರೆಯುತ್ತಾರೆ, ತಾಳಿ ಕಟ್ಟುತ್ತಾರೆ, ಅಕ್ಷತೆ ಹಾಕುತ್ತಾರೆ, ಎಲೆ ಹಾಸುತ್ತಾರೆ. ನಮ್ಮ ಮಕ್ಕಳ ಕನ್ನಡದಲ್ಲಿ ಮೊದಲು ಉದುರಿಹೋಗುವುದೂ ಕ್ರಿಯಾಪದಗಳೇ. ‘ನೀರು’, ‘ಹೂವು’, ‘ಅಕ್ಕಿ’ ಉಳಿದಿರುತ್ತವೆ. ಆದರೆ ಎರೆಯುವುದು ‘ಪೋರ್ ಮಾಡೋದು’ ಆಗಿರುತ್ತದೆ, ಎಸೆಯುವುದು ‘ಥ್ರೋ ಮಾಡೋದು’ ಆಗಿರುತ್ತದೆ.

ಆದ್ದರಿಂದ ಕಳೆದ ಆಗಸ್ಟಿನ ಒಂದು ಮದುವೆಯನ್ನು ಕ್ಯಾರೊಸೆಲ್ ಆಗಿ ಹಾಕುವಾಗ ಒಂದೇ ನಿಯಮ ಇಟ್ಟುಕೊಂಡೆ: ಒಂದು ಸ್ಲೈಡಿಗೆ ಒಂದು ಕ್ಷಣ, ಆ ಕ್ಷಣಕ್ಕೆ ಒಂದು ಪುಟ್ಟ ಮಾತು, ಸಾಧ್ಯವಾದಷ್ಟೂ ಅದರಲ್ಲಿ ಕ್ರಿಯಾಪದ. ಕ್ಯಾರೊಸೆಲ್ ಅಂದರೆ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ನೋಡುವ ಚಿತ್ರಗಳ ಸಾಲು. 2017ರಲ್ಲಿ ಬಂದಾಗ ಅದರಲ್ಲಿ 10 ಚಿತ್ರ ಹಾಕಬಹುದಿತ್ತು. 2024ರಿಂದ 20 ಹಾಕಬಹುದು. ನಾನು ಎಂಟಕ್ಕೇ ನಿಲ್ಲಿಸಿದೆ. ಇಪ್ಪತ್ತು ಹಾಕಿದರೆ ಅದು ಮತ್ತೆ ಆಲ್ಬಮ್ ಆಗುತ್ತದೆ, ಕಥೆಯಾಗುವುದಿಲ್ಲ.

ಎಂಟು ಕ್ಷಣಗಳು

ಹುಡುಗಿಯ ಮನೆಯವರು ಹಾಸನದ ಕಡೆಯವರು, ಹುಡುಗ ಸ್ಪೋಕೇನ್‌ನವನು. ಸ್ನೋಹೋಮಿಷ್ ಹತ್ತಿರದ ಒಂದು ಫಾರ್ಮಿನಲ್ಲಿ ಮದುವೆ. ಮರದ ಬಾರ್ನ್ ಒಳಗೆ ಹೋಮಕ್ಕೆ ಒಪ್ಪಿಗೆ ಸಿಗದೆ ಹೊರಗೆ ಹುಲ್ಲಿನ ಮೇಲೆ ಮಂಟಪ ಹಾಕಿದ್ದರು. ಹುಡುಗಿಯ ಅಜ್ಜಿಗೆ ಪ್ರಯಾಣ ಮಾಡುವ ಶಕ್ತಿ ಇರಲಿಲ್ಲ, ಹಾಸನದಲ್ಲೇ ಉಳಿದಿದ್ದರು. ಅವರು ಓದುವುದು ಕನ್ನಡ ಮಾತ್ರ. ಹಾಗಾಗಿ ಚಿತ್ರದ ಮೇಲೆ ಕನ್ನಡ ಬರೆಯುವುದು, ಹುಡುಗನ ಮನೆಯವರಿಗಾಗಿ ಇಂಗ್ಲಿಷನ್ನು ಕೆಳಗಿನ ಕ್ಯಾಪ್ಷನ್‌ನಲ್ಲಿ ಹಾಕುವುದು ಎಂದು ಮಾತಾಯಿತು.

ಮೊದಲ ಸ್ಲೈಡಿನಲ್ಲಿ ಮುಖವೇ ಇಲ್ಲ. ಅಂತರಪಟದ ಈಚೆ ಹುಡುಗಿಯ ಮುಷ್ಟಿ, ಬೆರಳ ಸಂದಿಯಿಂದ ಇಣುಕುವ ಜೀರಿಗೆ. “ಮುಷ್ಟಿಯಲ್ಲಿ ಜೀರಿಗೆ-ಬೆಲ್ಲ ಹಿಡಿದು ಕಾಯುತ್ತಿದ್ದಾಳೆ.” ಪರದೆಯಾಚೆ ಯಾರು ಎಂಬ ಕುತೂಹಲ ಇದ್ದರೆ ಬೆರಳು ತಾನಾಗಿ ಮುಂದೆ ಸರಿಯುತ್ತದೆ.

ಎರಡನೆಯದರಲ್ಲಿ ಕಥೆ ಬೆಳಗಿನ ಜಾವಕ್ಕೆ ಹಿಂದೆ ಹೋಗುತ್ತದೆ. “5:20. ಅಮ್ಮ ಜಡೆ ಹೆಣೆದರು, ಅತ್ತೆ ಹೂ ಮುಡಿಸಿದರು.” ಮೊದಲ ಸ್ಲೈಡನ್ನು ನೋಡಿ ದಾಟಿಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಇನ್ನೊಂದು ಸಲ ಎರಡನೆಯದನ್ನೇ ಮುಂದಿಡುತ್ತದೆ. ಹಾಗಾಗಿ ಎರಡನೆಯ ಚಿತ್ರ ಒಂಟಿಯಾಗಿ ನಿಂತರೂ ಅರ್ಥವಾಗಬೇಕು.

ಮೂರನೆಯದು ಕಾಶಿಯಾತ್ರೆ. ಪಂಚೆ ಉಟ್ಟ ಹುಡುಗ ಛತ್ರಿ ಹಿಡಿದು ಜಲ್ಲಿಕಲ್ಲಿನ ಪಾರ್ಕಿಂಗ್ ಲಾಟಿನಲ್ಲಿ ಹೆಜ್ಜೆ ಹಾಕುತ್ತಿದ್ದಾನೆ. “ಕಾಶಿಗೆ ಹೊರಟ. ಪಾರ್ಕಿಂಗ್ ಲಾಟ್ ದಾಟುವಷ್ಟರಲ್ಲಿ ಭಾವಮೈದುನ ತಡೆದ.”

ನಾಲ್ಕನೆಯದರಲ್ಲಿ ಪರದೆ ಸರಿದಿದೆ, ಜೀರಿಗೆ-ಬೆಲ್ಲ ಗಾಳಿಯಲ್ಲಿದೆ. “ಪರದೆ ಸರಿಯಿತು. ಮೊದಲು ಎಸೆದವಳು ಅವಳೇ.” ಇದು ಎರಡು ಸೆಕೆಂಡಿನ ಆಟ. ಎದುರಿಗೆ ನಿಂತ ಫೋಟೋಗ್ರಾಫರ್‌ಗೆ ಕಾಣುವುದು ಪರದೆ ಹಿಡಿದವರ ಬೆನ್ನು, ಇಲ್ಲವೇ ಒಬ್ಬರ ಮುಖ. ಬಟ್ಟೆಯ ಅಂಚಿನ ನೇರಕ್ಕೆ, ಪಕ್ಕದಲ್ಲಿ, ಮೊದಲೇ ಜಾಗ ಹಿಡಿದಿದ್ದರೆ ಇಬ್ಬರೂ ಸಿಗುತ್ತಾರೆ. ‘ಇಬ್ಬರು ಫೋಟೋಗ್ರಾಫರ್’ ಎಂದು ಪಟ್ಟಿಯಲ್ಲಿ ಬರೆದರೆ ಅವರಿಗೆ ಈ ಜಾಗ ಗೊತ್ತೋ ಇಲ್ಲವೋ ತಿಳಿಯುವುದಿಲ್ಲ. ಈ ಒಂದು ಸ್ಲೈಡಿನಿಂದ ತಿಳಿಯುತ್ತದೆ.

ಐದನೆಯದು ಧಾರೆ. ತೆಂಗಿನಕಾಯಿ ಮೇಲೆ ನೀರು ಬೀಳುವ ಬಹಳ ಚಂದದ ಹತ್ತಿರದ ಚಿತ್ರವೊಂದು ನನ್ನಲ್ಲಿತ್ತು. ಅದನ್ನು ಬಿಟ್ಟೆ. ಅದರಲ್ಲಿ ಕೈಗಳಿದ್ದವು, ಜನರಿರಲಿಲ್ಲ. ಯಾವ ಮದುವೆಯದು ಬೇಕಾದರೂ ಆಗಬಹುದಿತ್ತು. ಬದಲಿಗೆ ಅಪ್ಪನ ಮುಖ ಕಾಣುವುದನ್ನು ಹಾಕಿದೆ. “ಅಮ್ಮ ನೀರೆರೆದರು. ಅಪ್ಪ ಕೈ ಹಿಡಿದೇ ಇದ್ದರು.”

ಆರನೆಯದು ಮಾಂಗಲ್ಯಧಾರಣೆ, ಬೆಳಗ್ಗೆ 9:12. ಎಲ್ಲ ಕ್ಯಾಮೆರಾಗಳೂ ತಾಳಿಯ ಕಡೆ ಇದ್ದಾಗ ಹುಡುಗಿಯ ತಂಗಿ ಫೋನನ್ನು ಎತ್ತಿ ಹಿಡಿದಿದ್ದಳು. ಹಾಸನದಲ್ಲಿ ರಾತ್ರಿ 9:42. ಫೋನಿನ ಪರದೆಯಲ್ಲಿ ಅಜ್ಜಿಯ ಕೈ. “ಗಟ್ಟಿಮೇಳ! ಹಾಸನದಲ್ಲಿ ಅಜ್ಜಿ ಫೋನಿನ ಮೇಲೇ ಅಕ್ಷತೆ ಹಾಕಿದರು.” ಹಿಂದೆ, ಸ್ವಲ್ಪ ಮಸುಕಾಗಿ, ತಾಳಿ ಕಟ್ಟುತ್ತಿರುವ ಹುಡುಗ. ತಾಳಿಯ ಸ್ಪಷ್ಟ ಚಿತ್ರ ಮನೆಯವರ ಆಲ್ಬಮಿನಲ್ಲಿದೆ. ಕಥೆಗೆ ಬೇಕಾದದ್ದು ಇದು.

ಏಳನೆಯದು ಅರುಂಧತಿ ದರ್ಶನ. ಬೆಳಗ್ಗೆ ಹತ್ತೂವರೆಯ ಬಿಸಿಲು. “ಹಾಡಹಗಲಲ್ಲಿ ಅರುಂಧತಿಯನ್ನು ತೋರಿಸಿದರು. ಕಂಡಿತು ಎಂದು ಇಬ್ಬರೂ ತಲೆಯಾಡಿಸಿದರು.”

ಎಂಟನೆಯದು ಬಾಳೆ ಎಲೆ ಊಟ. ಹುಡುಗನ ಅಕ್ಕನ ಮಗ ಐದೂ ಬೆರಳು ಅಗಲಿಸಿ ಅನ್ನ ಹಿಡಿಯಲು ಹೆಣಗುತ್ತಿದ್ದಾನೆ. “ಸಾರು ಮೊಣಕೈವರೆಗೂ ಇಳಿಯಿತು. ಇನ್ನೊಂದು ಸಲ ಬಡಿಸಿಸಿಕೊಂಡ.” ಮಗುವಿನ ಮುಖ ಕಾಣುತ್ತದಾದ್ದರಿಂದ ಅವನ ತಾಯಿಯನ್ನು ಮೊದಲೇ ಕೇಳಿದ್ದೆ. ಮದುವೆಯ ಒಪ್ಪಂದಕ್ಕೆ ವಧೂವರರು ಸಹಿ ಹಾಕಿದ್ದರೂ ಅತಿಥಿಗಳ ಮಕ್ಕಳ ವಿಷಯದಲ್ಲಿ ಬೇರೆಯಾಗಿ ಕೇಳುವುದೇ ಸರಿ.

ಮಕ್ಕಳ ಪರೀಕ್ಷೆ

ಹಾಕುವ ಮೊದಲು ಮಾತುಗಳಿಲ್ಲದ ಎಂಟು ಚಿತ್ರಗಳನ್ನು ಮಕ್ಕಳ ಕೈಗೆ ಕೊಟ್ಟೆ. “ಏನಾಗ್ತಿದೆ, ಹೇಳಿ” ಎಂದೆ, ಅಷ್ಟೆ. ಧಾರೆಯ ಚಿತ್ರಕ್ಕೆ ಮಗಳು, “ಆಂಟಿ ವಾಟರ್ ಪೋರ್ ಮಾಡ್ತಿದ್ದಾರೆ” ಎಂದಳು. “ಎರೀತಿದ್ದಾರೆ” ಎಂದೆ. “ದೀಪಾವಳಿಗೆ ಎಣ್ಣೆ-ನೀರು ಎರೀತೀಯಲ್ಲ, ಅದೇನಾ?” ಅದೇ. ತಲೆಗೆ ಎರೆದ ನೀರೂ ಧಾರೆಯ ನೀರೂ ಅವಳ ಪಾಲಿಗೆ ಒಂದೇ ಮಾತಾಯಿತು. ಸಂಜೆ ಗಿಡಗಳಿಗೂ ‘ಎರೆದಳು’. ಗಿಡಕ್ಕೆ ‘ಹಾಕ್ತೀವಿ’ ಅಂತಲೂ ಹೇಳಬಹುದು, ಆದರೆ ನಾನು ತಿದ್ದಲು ಹೋಗಲಿಲ್ಲ.

ಮಗನದು ಬೇರೆ ಪ್ರಶ್ನೆ. ಛತ್ರಿ ಹಿಡಿದ ಹುಡುಗನನ್ನು ನೋಡಿ, “ಅವನು ಯಾಕೆ ಹೋಗ್ತಿದ್ದಾನೆ? ಮದುವೆ ಬೇಡ್ವಾ?” ಎಂದ. ಆ ಪ್ರಶ್ನೆ ಬಂದರೆ ಸ್ಲೈಡ್ ಗೆದ್ದಂತೆ. ‘ಆಮೇಲೆ ಏನಾಯ್ತು?’, ‘ಯಾಕೆ?’ ಎಂದು ಮಗು ಕೇಳುವ ಚಿತ್ರ ಉಳಿಯುತ್ತದೆ. “ನೈಸ್” ಎಂದು ಸರಿಸಿಬಿಟ್ಟರೆ ಅದು ಅಲಂಕಾರದ ಚಿತ್ರ. ಹೀಗೆ ನಾನು ಇಟ್ಟುಕೊಂಡಿದ್ದ ಮಂಟಪದ ಹೂವಿನ ಚಿತ್ರವೊಂದು ಹೊರಬಿತ್ತು, ಅದರ ಜಾಗಕ್ಕೆ ಅರುಂಧತಿ ಬಂದಿತು.

ಅಕ್ಷರ ಒಡೆಯದಂತೆ

ಚಿತ್ರದ ಮೇಲೆ ಕನ್ನಡ ಬರೆಯುವವರಿಗೆ ಒಂದು ಎಚ್ಚರಿಕೆ. ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಒಡೆದು ‘ಅಕ್ಷತೆ’ಯನ್ನು ‘ಅಕ್‌ಷತೆ’ ಮಾಡುತ್ತವೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ World-Ready ಎಂಬ ಆಯ್ಕೆಯನ್ನು ಹಾಕದಿದ್ದರೆ ಹೀಗಾಗುತ್ತಿತ್ತು. ಯೂನಿಕೋಡ್ ಫಾಂಟ್ ಬಳಸಿ, ‘ಕ್ಷ’, ‘ತ್ತ’, ‘ರ್ಯ’ ಇರುವ ಒಂದು ಪದವನ್ನು ಮೊದಲು ಬರೆದು ನೋಡಿ. ಈಗಷ್ಟೇ ಓದಲು ಕಲಿಯುತ್ತಿರುವ ಮಗು ಒಡೆದ ಅಕ್ಷರವನ್ನೇ ಸರಿಯೆಂದು ಕಲಿತುಬಿಡುತ್ತದೆ.

ಅಳತೆಯೂ ಅಷ್ಟೇ. ನಾನು ಎಲ್ಲವನ್ನೂ 1080 × 1350ಕ್ಕೆ, ಅಂದರೆ ನಿಂತ ಚಿತ್ರವಾಗಿ ಕತ್ತರಿಸುತ್ತೇನೆ. ಧಾರೆಯಂಥ ಅಗಲದ ಚಿತ್ರದಲ್ಲಿ ಇದರಿಂದ ಅಂಚಿನ ಬಂಧುಗಳು ಹೊರಗುಳಿಯುತ್ತಾರೆ. ಅದಕ್ಕೇ ಮುಖ್ಯ ಕ್ಷಣಗಳಲ್ಲಿ ಒಂದು ಅಡ್ಡ, ಒಂದು ಉದ್ದ ಎಂದು ಎರಡು ಬಗೆಯಲ್ಲೂ ತೆಗೆದಿಟ್ಟುಕೊಳ್ಳುತ್ತೇನೆ.

ಹಾಗಾದರೆ ಪ್ಯಾಕೇಜ್?

ಬೆಲೆ, ಗಂಟೆ ಕೇಳಲೇಬೇಕು. ಅದಕ್ಕೆ ವೆಬ್‌ಸೈಟ್ ಇದೆ, ಕ್ಯಾಪ್ಷನ್ ಕೊನೆಯಲ್ಲಿ ಒಂದು ಸಾಲು ಇದೆ. ಆದರೆ ಕ್ಷಣಗಳನ್ನು ಮೊದಲು ನೋಡಿದವರು ಗಂಟೆಗಳನ್ನು ಸರಿಯಾಗಿ ಕೇಳುತ್ತಾರೆ. ಈ ಕಥೆಯಲ್ಲಿ ಜಡೆಯ ಚಿತ್ರ 5:20ರದು, ಊಟದ್ದು ಮಧ್ಯಾಹ್ನ 1:40ರದು. ಒಟ್ಟು ಎಂಟು ಗಂಟೆ ಇಪ್ಪತ್ತು ನಿಮಿಷ. ಅಂದರೆ ‘8 ಗಂಟೆ’ಯ ಪ್ಯಾಕೇಜಿನಲ್ಲಿ ಊಟದ ಚಿತ್ರವೇ ಇರುತ್ತಿರಲಿಲ್ಲ, ಸಂಜೆಯ ರಿಸೆಪ್ಷನ್ ಮಾತಂತೂ ದೂರ. ಇಲ್ಲಿನ ಪ್ಯಾಕೇಜುಗಳು ಹೆಚ್ಚಾಗಿ ಮಧ್ಯಾಹ್ನ ಶುರುವಾಗುವ ಮದುವೆಗಳ ಲೆಕ್ಕದವು. ನಮ್ಮ ಮುಹೂರ್ತಗಳಿಗೆ ಅವು ಹೊಂದುವುದಿಲ್ಲ. ನಿಮಗೆ ಬೇಕಾದ ಕ್ಷಣಗಳನ್ನು ಬರೆದು, ಪಕ್ಕದಲ್ಲಿ ಸಮಯ ಹಾಕಿ, ಮೊದಲ ಮತ್ತು ಕೊನೆಯದರ ನಡುವೆ ಎಷ್ಟಾಯಿತು ಎಂದು ಎಣಿಸಿ. ನಿಮ್ಮ ಪ್ಯಾಕೇಜ್ ಅದು.

ಕ್ಯಾರೊಸೆಲ್ ಹೇಳದ ವಿಷಯವೂ ಇದೆ. ಅದು ನೂರಾರು ಚಿತ್ರಗಳಿಂದ ಆರಿಸಿದ ಎಂಟು. ಉಳಿದವು ಹೇಗಿವೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಯಾರನ್ನೇ ಗೊತ್ತುಮಾಡುವ ಮೊದಲು ಒಂದು ಮದುವೆಯ ಪೂರ್ತಿ ಗ್ಯಾಲರಿ ತೋರಿಸಿ ಎಂದು ಕೇಳಿ, ನನ್ನನ್ನೂ ಕೇಳಿ.

ಅಜ್ಜಿಗೆ ಇನ್‌ಸ್ಟಾಗ್ರಾಂ ಇಲ್ಲ. ಎಂಟು ಚಿತ್ರಗಳೂ ವಾಟ್ಸ್ಆ್ಯಪ್‌ನಲ್ಲಿ ಹೋದವು. ಅವರು ಒಂದೊಂದನ್ನೂ ಓದಿ ಒಂದೊಂದಕ್ಕೂ ಬೇರೆ ಬೇರೆ ವಾಯ್ಸ್ ಮೆಸೇಜ್ ಕಳಿಸಿದರಂತೆ. ಜಡೆಯ ಚಿತ್ರಕ್ಕೆ ಬಂದದ್ದು ಮೆಚ್ಚುಗೆಯಲ್ಲ, ವಿಚಾರಣೆ: “ಹೆಣೆದದ್ದು ಸಡಿಲಾಯ್ತಲ್ಲೇ, ಮೂರು ಕಾಲು ಹಾಕಿದ್ರೋ ಐದೋ?” ಹುಡುಗಿಯ ತಂಗಿಗೆ ಜಡೆಯ ‘ಕಾಲು’ ಎಂದರೇನು ಎಂದು ತಿಳಿಯಲಿಲ್ಲ. ಅಮ್ಮನನ್ನು ಕೂರಿಸಿಕೊಂಡು, ಕೂದಲನ್ನು ಮೂರು ಭಾಗ ಮಾಡಿಸಿ ಕೇಳಿದಳಂತೆ.