ಬಿದ್ದರೆ ಒಂದು ನಗು, ಉಳಿದರೆ ಇನ್ನೊಂದು

ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ, ಉಡುಪಿ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಮತ್ತು ಮಲ್ಲಿಕಟ್ಟೆಯಿಂದ ಬಿಕರ್ನಕಟ್ಟೆಗೆ ಹೋಗುವ ರಸ್ತೆ ಒಂದನ್ನೊಂದು ಕತ್ತರಿಸುತ್ತವೆ. ಮಳೆಗಾಲದ ಬೆಳಗ್ಗೆ ಎಂಟೂವರೆಗೆ ಅಲ್ಲಿ ನಿಂತವರಿಗೆ ಎರಡು ಬಗೆಯ ನಗು ಉಚಿತವಾಗಿ ನೋಡಲು ಸಿಗುತ್ತದೆ.

ಮೊದಲನೆಯದು ಹೀಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಗೃಹಸ್ಥರು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಕೆಸರು ನೀರಿನ ಹೊಂಡವನ್ನು ಬಹಳ ಗಾಂಭೀರ್ಯದಿಂದ ದಾಟಲು ಹೊರಡುತ್ತಾರೆ. ಅದೇ ಹೊತ್ತಿಗೆ ಬೀಸಿದ ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಹೋದವರು ಜಾರಿ ಹೊಂಡದಲ್ಲಿಯೇ ಕುಳಿತುಬಿಡುತ್ತಾರೆ. ಬಸ್ಸಿಗೆ ಕಾಯುತ್ತಿದ್ದ ಹುಡುಗರ ಗುಂಪು ಗೊಳ್ಳೆಂದು ನಗುತ್ತದೆ. ಅವರು ಮಾತ್ರ ನಗುವುದಿಲ್ಲ.

ಎರಡನೆಯದು ಸ್ವಲ್ಪ ಹೊತ್ತಿನ ಬಳಿಕ. ಸಿಟಿ ಬಸ್ಸು ಬಂದು ನಿಲ್ಲುತ್ತದೆ. ಕಾಲೇಜು ಹುಡುಗಿಯೊಬ್ಬಳು ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದಾಳೆ, ಇನ್ನೊಂದು ನೆಲದ ಮೇಲಿದೆ. ಅಷ್ಟರಲ್ಲಿ ಹಿಂದಿನಿಂದ ‘ರೈಟ್, ಪೋಯಿ’ ಎಂಬ ಕೂಗು, ಬಸ್ಸು ಮುಂದಕ್ಕೆ ಜಿಗಿಯುತ್ತದೆ. ಎಲ್ಲರೂ ಒಟ್ಟಿಗೆ ಚೀರುತ್ತಾರೆ. ಕಂಡಕ್ಟರ್ ಅವಳ ಚೀಲದ ಪಟ್ಟಿ ಹಿಡಿದು ಒಳಕ್ಕೆಳೆಯುತ್ತಾನೆ, ಚಾಲಕ ಬ್ರೇಕ್ ಒತ್ತುತ್ತಾನೆ. ಒಂದು ಕ್ಷಣ ಯಾರೂ ಮಾತನಾಡುವುದಿಲ್ಲ. ಹುಡುಗಿಗೆ ಏನೂ ಆಗಿಲ್ಲವೆಂದು ಗೊತ್ತಾದ ಕೂಡಲೇ ಇಡೀ ಬಸ್ಸು ನಗುತ್ತದೆ. ಎಲ್ಲರಿಗಿಂತ ಹೆಚ್ಚು ನಗುವವಳು ಅವಳೇ.

ಕಣ್ಣು ಮುಚ್ಚಿ ಕೇಳಿದರೆ ಎರಡೂ ನಗುವಿನ ಸದ್ದು ಒಂದೇ. ಆದರೆ ಅವು ಹುಟ್ಟಿದ ಜಾಗ ಒಂದೇ ಅಲ್ಲ. ನಗುವಿನ ಕುರಿತು ಯೋಚಿಸಿದ ದಾರ್ಶನಿಕರು ಕಟ್ಟಿದ ಎರಡು ಹಳೆಯ ಸಿದ್ಧಾಂತಗಳು ಈ ಎರಡು ನಗುವನ್ನು ಒಂದೊಂದಾಗಿ ಹಂಚಿಕೊಂಡಿವೆ.

ಮೊದಲನೆಯದು ಮೇಲರಿಮೆಯ ಸಿದ್ಧಾಂತ. ಇದರ ಬೇರು ಪ್ಲೇಟೋ, ಅರಿಸ್ಟಾಟಲರ ಕಾಲದಲ್ಲಿಯೇ ಇದೆ. ಆದರೆ ಅದನ್ನು ಖಡಾಖಂಡಿತವಾಗಿ ಹೇಳಿದವನು ಇಂಗ್ಲೆಂಡಿನ ಥಾಮಸ್ ಹಾಬ್ಸ್. 1651ರಲ್ಲಿ ಪ್ರಕಟವಾದ ‘ಲೆವಿಯಾಥನ್’ ಗ್ರಂಥದಲ್ಲಿ ಅವನು ಹೇಳುವ ತಾತ್ಪರ್ಯ ಇಷ್ಟು: ಇನ್ನೊಬ್ಬನ ಕೊರತೆ ಕಣ್ಣಿಗೆ ಬಿದ್ದಾಗ, ಅವನಿಗಿಂತ ತಾನು ಮೇಲು ಎಂಬ ಹೆಮ್ಮೆ ಫಕ್ಕನೆ ಉಕ್ಕುತ್ತದೆ, ಆ ಉಕ್ಕುವಿಕೆಯೇ ನಗು. ‘ಫಕ್ಕನೆ’ ಎಂಬುದು ಇಲ್ಲಿ ಮುಖ್ಯ. ಹೊಂಡದಲ್ಲಿ ಕುಳಿತವರು ಒಂದು ಕ್ಷಣದ ಹಿಂದೆ ಆ ಹುಡುಗರಿಗಿಂತ ಎಲ್ಲದರಲ್ಲಿಯೂ ದೊಡ್ಡವರಾಗಿದ್ದರು. ಬಿದ್ದಾಕ್ಷಣ ತಕ್ಕಡಿ ತಿರುಗಿತು. ಅವರ ಅಂಗಿ ಬೆಳ್ಳಗಿದ್ದಷ್ಟೂ, ನಡಿಗೆ ಗಂಭೀರವಾಗಿದ್ದಷ್ಟೂ ನಗು ಜೋರು. ಅದೇ ಹೊಂಡದಲ್ಲಿ ಎರಡು ವರ್ಷದ ಮಗು ಕುಳಿತಿದ್ದರೆ ಹುಡುಗರು ಹೀಗೆ ನಗುತ್ತಿರಲಿಲ್ಲ.

ಹಾಬ್ಸ್ ಇನ್ನೊಂದು ಮಾತು ಸೇರಿಸುತ್ತಾನೆ. ಹೀಗೆ ನಗುವ ಚಟ ಹೆಚ್ಚಾಗಿರುವುದು ತಮ್ಮಲ್ಲಿ ಸಾಮರ್ಥ್ಯ ಕಡಿಮೆ ಎಂದು ಒಳಗೊಳಗೇ ತಿಳಿದವರಿಗೆ. ತಮ್ಮ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯ ಉಳಿಯಬೇಕಾದರೆ ಅವರಿಗೆ ಇತರರ ಕುಂದು ಬೇಕಾಗುತ್ತದೆ.

ಈ ನಗುವಿಗೆ ನಮ್ಮಲ್ಲಿ ಹಾಬ್ಸ್‌ಗಿಂತ ಬಹಳ ಹಳೆಯ ದೃಷ್ಟಾಂತವಿದೆ. ಇಂದ್ರಪ್ರಸ್ಥದ ಮಯಸಭೆಯಲ್ಲಿ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ಬಗೆದು ಬಟ್ಟೆ ಎತ್ತಿಕೊಳ್ಳುತ್ತಾನೆ. ಆಮೇಲೆ ನೀರನ್ನು ನೆಲವೆಂದು ಬಗೆದು ಕೊಳಕ್ಕೆ ಬೀಳುತ್ತಾನೆ. ವ್ಯಾಸಭಾರತದ ಸಭಾಪರ್ವದಲ್ಲಿ ಆ ಘಟನೆ ನಡೆಯುವಾಗ ನಗುವವರು ಭೀಮ ಮತ್ತು ಅವನ ತಮ್ಮಂದಿರು. ಆದರೆ ಹಸ್ತಿನಾವತಿಗೆ ಹಿಂದಿರುಗಿದ ದುರ್ಯೋಧನ ತಂದೆಯ ಮುಂದೆ ಅದನ್ನು ಹೇಳುವಾಗ ಕೃಷ್ಣನೂ ನಕ್ಕ, ದ್ರೌಪದಿಯೂ ಹೆಂಗಸರೊಂದಿಗೆ ನಕ್ಕಳು ಎನ್ನುತ್ತಾನೆ. ಬಿದ್ದವನ ಕಿವಿಗೆ ನಕ್ಕವರ ಸಂಖ್ಯೆ ಯಾವಾಗಲೂ ಹೆಚ್ಚಾಗಿಯೇ ಕೇಳಿಸುತ್ತದೆ. ಶಾಲೆಯಿಂದ ಅಳುತ್ತ ಬಂದು ‘ಇಡೀ ಕ್ಲಾಸೇ ನಕ್ಕಿತು’ ಎನ್ನುವ ಮಗುವಿನ ಮಾತಿನಲ್ಲಿಯೂ ಇದೇ ಲೆಕ್ಕ ಇರುತ್ತದೆ.

ಹಾಬ್ಸ್‌ನ ಮಾತನ್ನು ಎಲ್ಲರೂ ಒಪ್ಪಲಿಲ್ಲ. 1725ರಲ್ಲಿ ಫ್ರಾನ್ಸಿಸ್ ಹಚಿಸನ್ ಎಂಬ ದಾರ್ಶನಿಕ ಅದನ್ನು ಗೇಲಿ ಮಾಡಿದ. ಕೀಳಾದುದನ್ನು ಕಂಡರೆ ನಗು ಬರುವುದಾದರೆ, ಜನ ಮುದ್ದಿನ ನಾಯಿ, ಹಕ್ಕಿಗಳನ್ನು ಬಿಟ್ಟು ಬಸವನಹುಳುವನ್ನೂ ಸಿಂಪಿಯನ್ನೂ ಸಾಕಿ ಅವನ್ನು ನೋಡಿ ನಗುತ್ತಿರಬೇಕಿತ್ತಲ್ಲ ಎಂಬುದು ಅವನ ವಾದ. ಮೀನಿನ ಮಾರ್ಕೆಟ್ಟಿನಲ್ಲಿ ಬುಟ್ಟಿ ತುಂಬ ಮರುವಾಯಿ ಕಂಡು ಮಂಗಳೂರಿನ ಯಾರೂ ನಗುವುದಿಲ್ಲ. ಕಾಲು ಮುರಿದುಕೊಂಡವನನ್ನು ಕಂಡಾಗ ಬರುವುದೂ ಮರುಕವೇ. ಎಂದರೆ ಮೇಲರಿಮೆಯೊಂದೇ ನಗು ಹುಟ್ಟಿಸಲು ಸಾಲದು. ಇನ್ನು ಬಸ್ಸಿನ ನಗುವನ್ನಂತೂ ಅದು ವಿವರಿಸಲಾರದು. ಅಲ್ಲಿ ಯಾರು ಯಾರಿಗಿಂತ ಮೇಲು?

ಅದಕ್ಕೆ ಎರಡನೆಯ ಸಿದ್ಧಾಂತ ಬೇಕು. ಬಿಡುಗಡೆಯ ಸಿದ್ಧಾಂತ ಎನ್ನಬಹುದು. 1860ರಲ್ಲಿ ಹರ್ಬರ್ಟ್ ಸ್ಪೆನ್ಸರ್ ನಗುವಿನ ದೇಹಧರ್ಮದ ಕುರಿತು ಬರೆದ ಲೇಖನದಲ್ಲಿ ಅದು ಸ್ಪಷ್ಟ ರೂಪ ಪಡೆಯಿತು. ಭಯ, ಕೋಪ, ಕಾತರ ಇವೆಲ್ಲ ದೇಹವನ್ನು ಯಾವುದೋ ಕೆಲಸಕ್ಕೆ ಅಣಿಗೊಳಿಸುತ್ತವೆ. ಭಯವಾದರೆ ಓಡಲು, ಕೋಪ ಬಂದರೆ ಹೊಡೆಯಲು. ಹಾಗೆ ಅಣಿಯಾದ ಬಳಿಕ ಕೆಲಸದ ಅಗತ್ಯವೇ ಇಲ್ಲವಾದರೆ, ಒಟ್ಟುಗೂಡಿದ ಚೈತನ್ಯ ಹೊರಹೋಗಲು ಸುಲಭದ ದಾರಿ ಹುಡುಕುತ್ತದೆ. ಮೊದಲು ಮಾತಿಗೆ ಬಳಕೆಯಾಗಿ ಪಳಗಿದ ಬಾಯಿಯ ಸಣ್ಣ ಸ್ನಾಯುಗಳು, ಅದು ಸಾಲದಿದ್ದರೆ ಉಸಿರಾಟದ ಸ್ನಾಯುಗಳು, ಇನ್ನೂ ಉಳಿದರೆ ಕೈ, ಬೆನ್ನು. ಮುಗುಳ್ನಗೆ ಗಹಗಹಿಕೆಯಾಗಿ, ಕೊನೆಗೆ ತೊಡೆ ತಟ್ಟಿಕೊಂಡು ಬಾಗಿ ನಗುವಲ್ಲಿಗೆ ಮುಟ್ಟುವುದು ಇದೇ ಕ್ರಮದಲ್ಲಿ.

ಸ್ಪೆನ್ಸರ್ ಕೊಡುವ ಉದಾಹರಣೆ ಸೊಗಸಾದುದು. ನಾಟಕದಲ್ಲಿ ಪ್ರೇಮಿಗಳು ಬಹಳ ಕಷ್ಟಪಟ್ಟ ಬಳಿಕ ಒಂದಾಗುತ್ತಿದ್ದಾರೆ. ಸಭೆಯ ಮನಸ್ಸು ತುಂಬಿ ಬಂದಿದೆ. ಆಗ ಆಡಿನ ಮರಿಯೊಂದು ರಂಗಕ್ಕೆ ಬಂದು, ಜನರನ್ನು ನೋಡಿ, ಪ್ರೇಮಿಗಳನ್ನು ಮೂಸುತ್ತದೆ. ಸಭೆ ನಗದೆ ಇರಲಾರದು. ಕರಾವಳಿಯವರಿಗೆ ಆಡಿನ ಮರಿಯ ಬದಲು ನಾಯಿ ಎಂದರೆ ಸಾಕು. ಬಯಲಾಟದಲ್ಲಿ ಅಭಿಮನ್ಯು ಬಿದ್ದು, ಸುಭದ್ರೆಯ ಶೋಕ ಏರುತ್ತಿರುವಾಗ ರಂಗಸ್ಥಳವನ್ನು ನಾಯಿಯೊಂದು ನಿಧಾನವಾಗಿ ದಾಟಿದರೆ, ಕಣ್ಣೊರೆಸಿಕೊಳ್ಳುತ್ತಿದ್ದವರೇ ಮೊದಲು ನಗುತ್ತಾರೆ. ಅವರಿಗೆ ಸುಭದ್ರೆಯ ಮೇಲೆ ತಾತ್ಸಾರವಿಲ್ಲ. ಶೋಕಕ್ಕೆ ಕೂಡಿಟ್ಟದ್ದು ಬೇರೆ ಬಾಗಿಲಿನಿಂದ ಹೊರಬಿತ್ತು, ಅಷ್ಟೆ. ಯಕ್ಷಗಾನದ ಹಾಸ್ಯಗಾರ ಇದನ್ನು ಬಲ್ಲ. ಬಿಗಿಯಾದ ಸನ್ನಿವೇಶದ ಬೆನ್ನಿಗೇ ದೂತನಾಗಿಯೋ ಬ್ರಾಹ್ಮಣನಾಗಿಯೋ ಅವನು ಕಾಣಿಸಿಕೊಂಡಾಗ, ಬೇರೆ ಹೊತ್ತಿನಲ್ಲಿ ಸಪ್ಪೆಯೆನಿಸುವ ಮಾತಿಗೂ ಸಭೆ ನಗುತ್ತದೆ.

ಈ ಸಿದ್ಧಾಂತಕ್ಕೂ ಮಿತಿಯಿದೆ. ಹಬೆಯಂತ್ರದಲ್ಲಿ ಹಬೆ ಒತ್ತರಿಸಿದಂತೆ ನರಗಳಲ್ಲಿ ಚೈತನ್ಯ ಒಟ್ಟಾಗುತ್ತದೆ ಎಂಬ ಸ್ಪೆನ್ಸರನ ಚಿತ್ರವನ್ನು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ. ಯಾವ ಬಿಗಿತವೂ ಇಲ್ಲದೆ ಬರೀ ಶಬ್ದದ ಚಮತ್ಕಾರಕ್ಕೆ ಬರುವ ನಗುವಿಗೂ ಅದರಲ್ಲಿ ಸರಿಯಾದ ಉತ್ತರವಿಲ್ಲ. ಆದರೆ ಮನಸ್ಸು ಬಿಗಿದು, ಬಳಿಕ ಅಪಾಯವಿಲ್ಲವೆಂದು ತಿಳಿದಾಗ ನಗು ಬರುತ್ತದೆ ಎಂಬ ಅನುಭವ ಮಾತ್ರ ನಿಜವಾಗಿಯೇ ಉಳಿದಿದೆ.

ಹಾಗಾದರೆ ಎದುರಿಗಿರುವ ನಗು ಯಾವುದೆಂದು ತಿಳಿಯುವುದು ಹೇಗೆ? ನಗುವಿನ ಹಿಂದಿನ ಕ್ಷಣವನ್ನು ನೋಡಬೇಕು. ಅಲ್ಲಿ ಹೆದರಿಕೆ ಇತ್ತೇ, ಇಲ್ಲವೇ? ನಗುವವರ ಕಣ್ಣನ್ನು ನೋಡಬೇಕು. ಮೇಲರಿಮೆಯ ನಗು ಬಿದ್ದವನನ್ನೇ ನೋಡುತ್ತಿರುತ್ತದೆ. ಬಿಡುಗಡೆಯ ನಗು ಪಕ್ಕದವನ ಮುಖ ನೋಡುತ್ತದೆ. ಮರುದಿನವನ್ನೂ ನೋಡಬೇಕು. ಬಿಡುಗಡೆಯ ನಗು ಅಲ್ಲಿಯೇ ಖರ್ಚಾಗಿ ಮುಗಿಯುತ್ತದೆ. ಮೇಲರಿಮೆಯ ನಗು ಮರುದಿನಕ್ಕೆ ಅಡ್ಡಹೆಸರಾಗಿ ಉಳಿಯುತ್ತದೆ.

ಈ ಭೇದ ಪುಸ್ತಕದ ಮಾತಾಗಿ ಉಳಿಯದೆ ಇರುವುದು ತರಗತಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಹುಡುಗನೊಬ್ಬ ‘ಐಲೆಂಡ್’ ಎಂಬುದನ್ನು ‘ಇಸ್‌ಲ್ಯಾಂಡ್’ ಎಂದು ಗಟ್ಟಿಯಾಗಿ ಓದುತ್ತಾನೆ ಎನ್ನೋಣ. ತರಗತಿ ನಗುತ್ತದೆ. ಅವನು ಮತ್ತೆ ಕೈ ಎತ್ತುವುದಿಲ್ಲ. ಮೇಲ್ನೋಟಕ್ಕೆ ಇದು ಹಾಬ್ಸ್ ಹೇಳಿದ ನಗು. ಆದರೆ ಹಿಂದಿನ ಕ್ಷಣವನ್ನು ನೋಡಿ. ಟೀಚರು ಬೆಂಚಿನಿಂದ ಬೆಂಚಿಗೆ ಓದಿಸುತ್ತ ಬರುತ್ತಿದ್ದರು. ಮುಂದಿನವರೆಲ್ಲ ತಮ್ಮ ಸರದಿಗೆ ಹೆದರಿ ಕುಳಿತಿದ್ದರು. ಎಡವಿದ್ದು ಇನ್ನೊಬ್ಬ, ತಾನಲ್ಲ ಎಂಬ ಸಮಾಧಾನದಲ್ಲಿ ನಕ್ಕವರು ಅವರಲ್ಲಿ ಹಲವರು. ಹುಡುಗನ ಕಿವಿಗೆ ಇದು ಕೇಳಿಸಲು ಸಾಧ್ಯವಿಲ್ಲ. ಅವನಿಗೆ ನಲವತ್ತು ಜನರೂ ಭೀಮರೇ.

ಇಲ್ಲಿ ಟೀಚರು ಒಂದು ಪರೀಕ್ಷೆ ಮಾಡಬಹುದು. ಆ ಪದದಲ್ಲಿ ‘ಸ’ಕಾರ ಮೊದಲು ಇರಲೇ ಇಲ್ಲ, ಅದಕ್ಕೆ ಲ್ಯಾಟಿನ್ನಿನ ‘ಇನ್ಸುಲಾ’ ಪದದ ಸಂಬಂಧವಿದೆಯೆಂದು ತಪ್ಪಾಗಿ ತಿಳಿದ ಪಂಡಿತರು ಕಾಗುಣಿತದಲ್ಲಿ ಅದನ್ನು ತುರುಕಿದರು, ಆದುದರಿಂದ ಯಾರು ಓದಿದರೂ ಮೊದಲ ಸಲ ಎಡವುತ್ತಾರೆ ಎಂದು ಹೇಳಿ, ಮುಂದಿನ ನಾಲ್ವರಿಂದ ಇಂಥವೇ ಕಷ್ಟದ ಪದಗಳನ್ನು ಓದಿಸಬೇಕು. ಹೆದರಿಕೆ ಹೋದ ಮೇಲೆ ಬಿಡುಗಡೆಯ ನಗು ತಾನಾಗಿ ನಿಲ್ಲುತ್ತದೆ. ಆಮೇಲೆಯೂ ಇಬ್ಬರು ಮೂವರು ಅವನನ್ನು ‘ಇಸ್‌ಲ್ಯಾಂಡ್’ ಎಂದೇ ಕರೆಯುತ್ತಿದ್ದರೆ ಬುದ್ಧಿ ಹೇಳಬೇಕಾದದ್ದು ಅವರಿಗೆ, ಇಡೀ ತರಗತಿಗಲ್ಲ.

ಮನೆಯಲ್ಲಿ ಆಗುವ ತಪ್ಪು ಇದಕ್ಕೆ ತಿರುಗುಮುರುಗಾದುದು. ಮಗಳಿಗೆ ಗಣಿತದಲ್ಲಿ ಇಪ್ಪತ್ತೈದಕ್ಕೆ ಎಂಟು ಅಂಕ. ಅಪ್ಪ ಗದರಿಸುತ್ತಿದ್ದಾರೆ. ಅವಳ ತುಟಿಯಂಚಿನಲ್ಲಿ ನಗು ಕಾಣಿಸಿಕೊಳ್ಳುತ್ತದೆ.

“ಎಂತ ನಗುವುದು ನೀನು? ನಾನು ಹೇಳುವುದು ತಮಾಷೆಯಾ ನಿನಗೆ?”

“ಇಲ್ಲಪ್ಪ, ನಗುವುದಲ್ಲ...” ಎನ್ನುತ್ತಲೇ ನಗು ಇನ್ನಷ್ಟು ಹೆಚ್ಚುತ್ತದೆ.

ಅಪ್ಪನಿಗೆ ಗೊತ್ತಿರುವುದು ಒಂದೇ ಸಿದ್ಧಾಂತ. ನಗು ಎಂದರೆ ತಾತ್ಸಾರ; ಆದುದರಿಂದ ಮಗಳು ತನ್ನನ್ನು ಗೇಲಿ ಮಾಡುತ್ತಿದ್ದಾಳೆ. ಏಟು ಬೀಳುವುದು ಅಂಕಕ್ಕಲ್ಲ, ಈ ನಗುವಿಗೆ. ಆದರೆ ಅವಳ ಕಣ್ಣು ಅಪ್ಪನ ಮುಖದ ಮೇಲಿಲ್ಲ, ನೆಲದ ಮೇಲಿದೆ. ಬೆರಳುಗಳು ಚೂಡಿದಾರದ ಶಾಲಿನ ತುದಿಯನ್ನು ಹಿಂಡುತ್ತಿವೆ. ನಿಲ್ಲಿಸಬೇಕೆಂದರೂ ನಗು ನಿಲ್ಲುತ್ತಿಲ್ಲ. ಓಡಿಹೋಗಲು ಅಣಿಯಾದ ದೇಹ ಓಡುವಂತಿಲ್ಲ. ಎದುರಿಗೆ ಅಪ್ಪ, ಹಿಂದೆ ಗೋಡೆ. ಸ್ಪೆನ್ಸರ್ ಹೇಳಿದ ಸಣ್ಣ ಸ್ನಾಯುಗಳೊಂದೇ ಉಳಿದ ದಾರಿ. ಬಸ್ಸಿನ ನಗು ಅಪಾಯ ಕಳೆದ ಮೇಲೆ ಬಂತು; ಈ ನಗು ಅಪಾಯ ಇನ್ನೂ ಇರುವಾಗಲೇ ಸೋರಿದೆ. ಅದಕ್ಕೇ ಇಂಥ ನಗು ಅನೇಕ ಸಲ ಅಳುವಿನಲ್ಲಿ ಮುಗಿಯುತ್ತದೆ. ಗೇಲಿಯ ನಗು ಹಾಗೆ ಮುಗಿಯುವುದಿಲ್ಲ.

ಅಂಥ ಹೊತ್ತಿನಲ್ಲಿ ದನಿ ಏರಿಸಿದರೆ ಬಿಗಿತ ಹೆಚ್ಚಿ, ನಗುವೂ ಹೆಚ್ಚುತ್ತದೆ. ಅಪ್ಪ ಎರಡು ನಿಮಿಷ ಸುಮ್ಮನಿದ್ದು, ಅವಳನ್ನು ಕುಳ್ಳಿರಿಸಿ, ಒಂದು ಲೋಟ ನೀರು ಕೊಟ್ಟು, ಉತ್ತರಪತ್ರಿಕೆಯನ್ನು ಇಬ್ಬರ ನಡುವೆ ಇಟ್ಟು ಎಲ್ಲಿ ತಪ್ಪಿತೆಂದು ಕೇಳಿದರೆ, ತುಟಿಯಂಚಿನ ಆ ನಗು ಎಲ್ಲಿ ಹೋಯಿತೆಂದು ಅವಳಿಗೂ ತಿಳಿಯುವುದಿಲ್ಲ.