ಎರಡೂ ಗೆರೆ 25ಕ್ಕೇ ಬಂದು ನಿಂತರೆ

ಎಂಎಸ್ಸಿ ಹುಡುಗರ ಬಯೋಕೆಮಿಸ್ಟ್ರಿ ಸೆಮಿನಾರಿಗೆ ಪ್ರಶ್ನೆ ಬರೆಯೋ ಕೆಲಸ ಬಂದಾಗಲೆಲ್ಲ ನಾನು ಸಕ್ಕರೆಗೇ ಹೋಗ್ತೀನಿ. ಏಕಸಂಬಿಯವನು ಇನ್ನೆಲ್ಲಿಗೆ ಹೋಗಲಿ? ಚಿಕ್ಕೋಡಿ ತಾಲೂಕಿನ ನಮ್ಮ ಕಡೆ ಕಬ್ಬಿಲ್ಲದ ಹೊಲವನ್ನ ಹುಡುಕಬೇಕು. ಕಡಿದ ಕಬ್ಬು ಟ್ರಾಲಿಯಲ್ಲೇ ಎರಡು ದಿನ ನಿಂತರೆ, "ಕಬ್ಬ ಒಣಗಾಕತ್ತೈತಿ, ತೂಕಾ ಹೋತು" ಅಂತಾರೆ ನಮ್ಮ ಕಾಕಾ. ತೂಕದ ಜೊತೆ ಇನ್ನೊಂದೂ ಹೋಗ್ತಿರುತ್ತೆ, ಅದು ಕಾಟಾದ ಮೇಲೆ ಕಾಣಲ್ಲ. ಇನ್ವರ್ಟೇಸ್ ಅನ್ನೋ ಕಿಣ್ವ ಕಬ್ಬಿನ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೀತಿರುತ್ತೆ. ಅವೂ ಸಿಹಿಯೇ, ಆದರೆ ಕಾರ್ಖಾನೆಯಲ್ಲಿ ಸಕ್ಕರೆಯ ಹರಳಾಗಿ ಕೈಗೆ ಸಿಗಲ್ಲ. ರಿಕವರಿ ಇಳಿಯೋ ಒಂದು ದಾರಿ ಇದು.

ಕಿಣ್ವಗಳ ವೇಗದ ಪಾಠ ಹುಟ್ಟಿದ್ದೂ ಇದೇ ಕ್ರಿಯೆಯಿಂದ. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಯೀಸ್ಟಿನ ಇನ್ವರ್ಟೇಸನ್ನು ಸಕ್ಕರೆ ನೀರಿಗೆ ಹಾಕಿ, ಪೋಲಾರಿಮೀಟರ್‌ನಲ್ಲಿ ನೋಡ್ತಾ ಕೂತರು. ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸದ 'ಪೋಲ್' ಅಳೆಯೋದೂ ಅದೇ ಜಾತಿಯ ಉಪಕರಣದಿಂದ. ವೇಗ ತನ್ನ ಗರಿಷ್ಠದ ಅರ್ಧಕ್ಕೆ ಬರೋಕೆ ಎಷ್ಟು ಸಕ್ಕರೆ ಬೇಕು ಅನ್ನೋ ಅಳತೆಯೇ ಕೆ-ಎಂ. ಅವರಿಗೆ ಸಿಕ್ಕಿದ್ದು ಸುಮಾರು 17 ಮಿಲಿಮೋಲಾರ್. ಪ್ರಶ್ನೆಪತ್ರಿಕೆಗೆ ಲೆಕ್ಕ ಸಲೀಸಾಗಲಿ ಅಂತ ನಾನು 20 ಇಟ್ಕೊಂಡೆ, ಗರಿಷ್ಠ ವೇಗ 100.

ಮೊದಲ ಪ್ರಶ್ನೆ: 20 ಮಿಲಿಮೋಲಾರ್ ಸಕ್ಕರೆಯಲ್ಲಿ ಕಿಣ್ವದ ವೇಗ 50. 'ಎ' ಅನ್ನೋ ಪದಾರ್ಥ ಬೆರೆಸಿದರೆ 25ಕ್ಕೆ ಇಳಿಯುತ್ತೆ. 'ಬಿ' ಬೆರೆಸಿದರೂ 25. ಎರಡೂ ಒಂದೇ ಥರ ತಡೀತಿವೆಯಾ?

ಹೌದು ಅನ್ನೋರೇ ಜಾಸ್ತಿ. ಸರಿಯಾದ ಉತ್ತರ: ಇಷ್ಟರಿಂದ ಹೇಳೋಕಾಗಲ್ಲ. ಒಂದೇ ಬಿಂದುವಿನಿಂದ ಎಷ್ಟು ತಡೆ ಅಂತ ಗೊತ್ತಾಗುತ್ತೆ, ಹೇಗೆ ತಡೆ ಅಂತ ಗೊತ್ತಾಗಲ್ಲ. ಅದಕ್ಕೆ ಸಕ್ಕರೆ ಏರಿಸ್ತಾ ಹೋಗಬೇಕು, ಗೆರೆ ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕು.

ಎರಡನೇ ಪ್ರಶ್ನೆ ಅದೇ. ಸಕ್ಕರೆ 180ಕ್ಕೆ ಏರಿಸಿ. ಏನೂ ಬೆರೆಸದ ಕಿಣ್ವದ ವೇಗ 90, 'ಎ' ಇದ್ದರೆ 75, 'ಬಿ' ಇದ್ದರೆ ಬರೀ 45. ಇನ್ನೂ ಏರಿಸಿ 540 ಮಾಡಿದರೆ 'ಎ' ಗೆರೆ 90ಕ್ಕೆ ಹತ್ತುತ್ತೆ, 'ಬಿ' ಗೆರೆ 48ರಲ್ಲೇ ಏದುಸಿರು ಬಿಡುತ್ತೆ.

ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕೋರನ್ನ ನೋಡಿದ್ದೀರಲ್ಲ, 'ಎ' ಆ ಪೈಕಿ. ಸಕ್ಕರೆ ಕೂರಬೇಕಾದ ಜಾಗದಲ್ಲೇ ತಾನು ಕೂರುತ್ತೆ. ಆದರೆ ಸಕ್ಕರೆಯ ನೂಕುನುಗ್ಗಲು ಜೋರಾದಷ್ಟೂ ಅದಕ್ಕೆ ಸೀಟು ಸಿಗೋದು ಅಪರೂಪ. ಹಾಗಾಗಿ ಗರಿಷ್ಠ ವೇಗ 100 ಹಾಗೇ ಉಳಿಯುತ್ತೆ, ಅರ್ಧ ಮುಟ್ಟೋಕೆ ಮಾತ್ರ 20ರ ಬದಲು 60 ಬೇಕಾಗುತ್ತೆ. ಇದು ಸ್ಪರ್ಧಾತ್ಮಕ ತಡೆ. 'ಬಿ' ಸೀಟಿನ ತಂಟೆಗೇ ಬರಲ್ಲ, ಬಸ್ಸನ್ನೇ ಪಂಕ್ಚರ್ ಮಾಡುತ್ತೆ. ನೂರರಲ್ಲಿ ಐವತ್ತು ಬಸ್ಸು ನಿಂತ ಮೇಲೆ ಜನ ಎಷ್ಟು ಬಂದರೇನು? ಗರಿಷ್ಠ ವೇಗವೇ 50ಕ್ಕೆ ಇಳೀತು, ಕೆ-ಎಂ ಮಾತ್ರ 20ರಲ್ಲೇ ಇದೆ.

ಮೂರನೇ ಪ್ರಶ್ನೆಗೆ ಏಕಸಂಬಿಗೆ ವಾಪಸ್. ಕಡಿದ ಕಬ್ಬಿನ ಸಕ್ಕರೆ ಉಳಿಸಬೇಕು, ಒಂದನ್ನೇ ಬಳಸಬಹುದು ಅಂದರೆ 'ಎ'ನಾ, 'ಬಿ'ನಾ? ಕಬ್ಬಿನ ರಸದಲ್ಲಿ ಲೀಟರಿಗೆ 150 ಗ್ರಾಂ ಸುಕ್ರೋಸ್ ಅಂತ ಇಟ್ಕೊಳ್ಳಿ. ಅದು ಸುಮಾರು 440 ಮಿಲಿಮೋಲಾರ್. ಆ ಸಿಹಿಯಲ್ಲಿ ಏನೂ ಬೆರೆಸದ ಕಿಣ್ವ 96ರ ವೇಗದಲ್ಲಿ ಓಡುತ್ತೆ. 'ಎ' ಹಾಕಿದರೆ 88, 'ಬಿ' ಹಾಕಿದರೆ 48. ಲ್ಯಾಬಿನ ತೆಳು ದ್ರಾವಣದಲ್ಲಿ ಸರಿಸಮ ಅನ್ನಿಸಿದ ಎರಡರಲ್ಲಿ ಒಂದು ಕಬ್ಬಿನೊಳಗೆ ಹೆಚ್ಚುಕಮ್ಮಿ ದಂಡ. ನಿಜವಾದ ಕಬ್ಬಿನ ಕಿಣ್ವದ ಕೆ-ಎಂ ಬೇರೆ ಇರುತ್ತೆ, ಜೊತೆಗೆ ಬ್ಯಾಕ್ಟೀರಿಯಾದ ಕಾಟವೂ ಉಂಟು, ಹಾಗಾಗಿ ಈ ಅಂಕಿಗಳನ್ನ ಹೊಲಕ್ಕೆ ಒಯ್ಯಬೇಡಿ. ತರ್ಕ ಮಾತ್ರ ಅಲ್ಲೂ ನಡೆಯುತ್ತೆ: ಸಕ್ಕರೆ ಕೆ-ಎಂಗಿಂತ ಬಹಳ ಹೆಚ್ಚಿರೋ ಕಡೆ ಸೀಟು ಹಿಡಿಯೋ ತಡೆ ಸೋಲುತ್ತೆ.

ಚುರುಕಾದ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, 'ಬಿ' ಅರ್ಧ ಕಿಣ್ವವನ್ನ ಶಾಶ್ವತವಾಗಿ ಕೆಡಿಸಿಬಿಟ್ಟಿದ್ರೂ ಗೆರೆ ಹೀಗೇ ಬರಲ್ವಾ?"

ಬರುತ್ತೆ. ಉಳಿದ ಅರ್ಧ ಕಿಣ್ವ ಸರಿಯಾಗೇ ಕೆಲಸ ಮಾಡ್ತಿರುತ್ತಲ್ಲ, ಗರಿಷ್ಠ ವೇಗ ಅರ್ಧ, ಕೆ-ಎಂ ಅಷ್ಟೇ. ಗೆರೆ ನೋಡಿ ಇದನ್ನ ಬಿಡಿಸೋಕಾಗಲ್ಲ. ಕಿಣ್ವ ಮತ್ತು 'ಬಿ' ಎರಡನ್ನೂ ಪೊರೆಚೀಲದಲ್ಲಿ ಹಾಕಿ ಡಯಾಲಿಸಿಸ್ ಮಾಡಿ, 'ಬಿ'ಯನ್ನ ತೊಳೆದುಹಾಕಿ ಮತ್ತೆ ಅಳೀಬೇಕು. ವೇಗ 96ಕ್ಕೆ ವಾಪಸ್ ಬಂದರೆ ಬರೀ ತಡೆ. 48ರಲ್ಲೇ ಉಳಿದರೆ ಅರ್ಧ ಕಿಣ್ವ ಸತ್ತಿದೆ.

ಮುಂದಿನ ಸೆಮಿನಾರಿಗೆ ಇದು ನಾಲ್ಕನೇ ಪ್ರಶ್ನೆ.